ಹಬ್ಬದ ಪೋಸ್ಟಿಗಿಂತ ದರಪಟ್ಟಿ ಗಟ್ಟಿ

ಗದಗ ಅಚ್ಚಿನ ಊರು. ವಿಜಯ ಸಂಕೇಶ್ವರರು 1976ರಲ್ಲಿ ಲಾರಿ ಕೊಂಡು ಸಾಗಣೆ ದಂಧೆಗೆ ಇಳಿಯುವ ಮೊದಲು ಅವರ ಮನೆತನದ ಕಸುಬು ಪುಸ್ತಕ ಮುದ್ರಣವೇ ಆಗಿತ್ತೆಂಬುದು ಇಲ್ಲಿಯ ಹಿರಿಯರಿಗೆಲ್ಲ ಗೊತ್ತು. ಮೊಳೆ ಜೋಡಿಸುವವರ ಕಾಲ ಮುಗಿದು ಆಫ್‌ಸೆಟ್ ಬಂತು. ನುಡಿ, ಪೇಜ್‌ಮೇಕರ್, ಕೋರಲ್‌ಡ್ರಾ ಕಲಿತವರು ಡಿಟಿಪಿ ಅಂಗಡಿ ಹಾಕಿದರು. ಆಮೇಲೆ ಫ್ಲೆಕ್ಸ್ ಬಂದು ಊರಿನ ಎಲ್ಲ ಕಂಬಗಳನ್ನೂ ಹಿಡಿದುಕೊಂಡಿತು. ಈ ಸಾಲಿಗೆ ಕಡೆಗೆ ಸೇರಿದ್ದು ಮೊಬೈಲಿನ ಪೋಸ್ಟಿಗೆ ಟೆಂಪ್ಲೇಟ್ ಮಾಡಿ ಮಾರುವ ಕೆಲಸ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಇದನ್ನು ಕೈಗೆತ್ತಿಕೊಂಡವರು ಏನು ಕಂಡರು, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂದು ಒಮ್ಮೆ ಹಿಂದೆ ತಿರುಗಿ ನೋಡುವ ಹೊತ್ತಿದು.

ಹಿಂದೆ ನೋಡಲು ಬಹಳ ವರ್ಷಗಳೇನಿಲ್ಲ. ಕ್ಯಾನ್ವಾ ಎಂಬ ಆಸ್ಟ್ರೇಲಿಯಾದ ಡಿಸೈನ್ ಸಲಕರಣೆ ಜನರ ಕೈಗೆ ಸಿಕ್ಕಿದ್ದೇ 2013ರಲ್ಲಿ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಮರುವರ್ಷ ವಾಟ್ಸ್‌ಆ್ಯಪಿಗೆ ಫೋಟೊ ಹಾಕುವ ಸ್ಟೇಟಸ್ ಬಂತು, 2018ರ ಆರಂಭದಲ್ಲಿ ವ್ಯಾಪಾರಿಗಳಿಗೆಂದೇ ಬೇರೆ ವಾಟ್ಸ್‌ಆ್ಯಪ್ ಬಂತು. 2020ರ ಲಾಕ್‌ಡೌನಿನಲ್ಲಿ ಷಟರ್ ಇಳಿಸಿ ಕೂತ ಅಂಗಡಿಕಾರನಿಗೂ ಗಿರಾಕಿಗೂ ನಡುವೆ ಉಳಿದದ್ದು ಆ ಸ್ಟೇಟಸ್ ಒಂದೇ. ಅಲ್ಲಿಂದ ಪೋಸ್ಟ್ ಎಂಬುದು ದಿನದ ಅಗತ್ಯವಾಯಿತು. ದಿನಾ ಡಿಸೈನರ್ ಹತ್ತಿರ ಹೋಗಲಾಗದು, ಆದ್ದರಿಂದ ಒಮ್ಮೆ ಕೊಂಡು ತಾನೇ ತುಂಬಿಕೊಳ್ಳುವ ಟೆಂಪ್ಲೇಟಿಗೆ ಗಿರಾಕಿ ಇದ್ದೇ ಇದ್ದಾನೆ ಎಂದು ಎಲ್ಲರೂ ಲೆಕ್ಕ ಹಾಕಿದರು.

ಲೆಕ್ಕ ಅರ್ಧ ಸರಿ ಇತ್ತು. ಪೋಸ್ಟ್ ದಿನಾ ಬೇಕು ಎಂಬುದು ನಿಜ. ಆದರೆ ಅಂಗಡಿಕಾರ ತಾನೇ ಕೂತು ತುಂಬಿಕೊಳ್ಳುತ್ತಾನೆ ಎಂಬುದು ಸುಳ್ಳಾಯಿತು. ಬೆಟಗೇರಿಯ ಸೀರೆ ಅಂಗಡಿಯವರು ಗಲ್ಲೆಯ ಮುಂದೆ ಕೂತು ಕ್ಯಾನ್ವಾ ತೆರೆಯುವವರಲ್ಲ. ಟೆಂಪ್ಲೇಟ್ ನಿಜಕ್ಕೂ ಕೊಂಡವರು ಊರೂರಿನ ಫೋಟೊ ಸ್ಟುಡಿಯೊದವರು, ಝೆರಾಕ್ಸ್ ಅಂಗಡಿಯ ಹುಡುಗರು, ಡಿಟಿಪಿ ಮಾಡುತ್ತಿದ್ದವರು, ಕೋಚಿಂಗ್ ಸೆಂಟರಿನ ಗುಮಾಸ್ತರು. ಅಂದರೆ ಹತ್ತು ಅಂಗಡಿಯ ಪೋಸ್ಟನ್ನು ಒಬ್ಬರೇ ಮಾಡಿಕೊಡುವವರು. ಅವರು ಕೇಳಿದ್ದು ಅಂದವನ್ನಲ್ಲ. ಗಡಿಬಿಡಿಯಲ್ಲಿ, ಸಣ್ಣ ಮೊಬೈಲಿನಲ್ಲಿ, ಹೆಬ್ಬೆರಳಿನಿಂದ ತಿದ್ದಿದರೂ ಕೆಡದ ಫೈಲು ಅವರಿಗೆ ಬೇಕಿತ್ತು. ಇದನ್ನು ಮೊದಲು ಅರ್ಥ ಮಾಡಿಕೊಂಡವರು ಇನ್ನೂ ಮಾರುತ್ತಿದ್ದಾರೆ, ಉಳಿದವರು ಮದುವೆ ಆಲ್ಬಮ್ಮಿಗೆ ಹಿಂತಿರುಗಿದರು.

ಕೆಡದ ಫೈಲು ಎಂದರೇನು ಎಂಬುದನ್ನು ಒಂದೇ ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡೋಣ: ಎಪಿಎಂಸಿಯ ದಲಾಲಿ ಅಂಗಡಿಯವರು ಸಂಜೆ ರೈತರ ಗುಂಪಿಗೆ ಕಳಿಸುವ ದಿನದ ದರಪಟ್ಟಿ. ಹೆಸರು, ಕಡಲಿ, ಶೇಂಗಾ, ಗೋವಿನಜೋಳ, ಉಳ್ಳಾಗಡ್ಡಿ, ಒಣಮೆಣಸಿನಕಾಯಿ ಹೀಗೆ ಆರು ಮಾಲು. ಪ್ರತಿ ಮಾಲಿಗೂ ಕ್ವಿಂಟಲಿಗೆ ಕನಿಷ್ಠ, ಗರಿಷ್ಠ, ಮಾದರಿ ದರ. ಮೇಲೆ ಅಂಗಡಿಯ ಹೆಸರು, ತಾರೀಖು; ಕೆಳಗೆ ಫೋನ್ ನಂಬರು. ನೋಡಲು ಏನೂ ಇಲ್ಲದ ಸಪ್ಪೆ ಕೆಲಸ. ಟೆಂಪ್ಲೇಟ್ ಮಾಡುವವರ ಜಾಣತನವೆಲ್ಲ ಹೊರಬೀಳುವುದು ಇಂಥದ್ದರಲ್ಲಿಯೇ.

ಹಾಳೆ 1080 ಅಗಲ, 1350 ಎತ್ತರ ಪಿಕ್ಸೆಲ್. ಎರಡೂ ಬದಿಗೆ 60 ಬಿಟ್ಟರೆ ಉಳಿಯುವುದು 960. ಮಾಲಿನ ಹೆಸರಿನ ಕಾಲಮ್ಮಿಗೆ 330, ಮೂರು ದರದ ಕಾಲಮ್ಮಿಗೆ ತಲಾ 210. ಎತ್ತರದಲ್ಲಿ ಅಂಗಡಿಯ ಹೆಸರಿಗೆ 260, ತಾರೀಖಿಗೆ 90, ಕಾಲಮ್ಮಿನ ತಲೆಬರಹಕ್ಕೆ 90, ಆರು ಸಾಲಿಗೆ 120ರಂತೆ 720, ಕೆಳಗಿನ ಪಟ್ಟಿಗೆ 190. ಈ ಅಳತೆಗಳನ್ನು ಚೆಂದ ನೋಡಿ ಇಟ್ಟದ್ದಲ್ಲ. ಅತಿ ಉದ್ದದ ಹೆಸರು ‘ಒಣಮೆಣಸಿನಕಾಯಿ’ ಒಂದೇ ಸಾಲಿನಲ್ಲಿ ಕೂಡಬೇಕು, ಅತಿ ದೊಡ್ಡ ದರ 42,500ರಂಥ ಐದಂಕಿಯದು ಅಲ್ಪವಿರಾಮದ ಸಮೇತ ಕೂಡಬೇಕು. ಅನೇಕರು ಮಾದರಿಗೆ ಉಳ್ಳಾಗಡ್ಡಿಯ ನಾಲ್ಕಂಕಿ ಹಾಕಿ ಡಬ್ಬಿ ಕಿರಿದು ಮಾಡಿಬಿಡುತ್ತಾರೆ. ಮೆಣಸಿನಕಾಯಿ ಸುಗ್ಗಿ ಬಂದ ದಿನ ದರ ಎರಡು ಸಾಲಿಗೆ ಮುರಿದು ಕೆಳಗಿನ ಫೋನ್ ನಂಬರಿನ ಪಟ್ಟಿಯ ಮೇಲೆ ಕೂಡುತ್ತದೆ. ಆದ್ದರಿಂದ ಮಾರುವ ಮುನ್ನ ಹದಿನೆಂಟೂ ಡಬ್ಬಿಗಳಲ್ಲಿ 88,888 ಹಾಕಿ ನೋಡಬೇಕು. ಎಂಟಕ್ಕಿಂತ ಅಗಲದ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ, ಅದು ಕೂತರೆ ಉಳಿದದ್ದೂ ಕೂಡುತ್ತದೆ.

ಕ್ಯಾನ್ವಾದಲ್ಲಿ ಸಿದ್ಧ ಕೋಷ್ಟಕ ಇದೆ, ಅದನ್ನೇ ಎಳೆದು ಹಾಕಬಹುದಲ್ಲ ಎಂದು ಕೇಳಬಹುದು. ಕೋಷ್ಟಕದಲ್ಲಿ ಒಂದು ಹೆಸರು ಎರಡನೇ ಸಾಲಿಗೆ ಇಳಿದರೆ ಆ ಸಾಲು ತಾನೇ ಉಬ್ಬುತ್ತದೆ, ಕೆಳಗಿನದೆಲ್ಲ ಜಾರಿ ಫೋನ್ ನಂಬರಿನ ಮೇಲೆ ಬೀಳುತ್ತದೆ. ಬಿಡಿ ಡಬ್ಬಿಗಳಲ್ಲಿ ಕೆಟ್ಟರೆ ಒಂದೇ ಕೆಡುತ್ತದೆ, ಯಾವುದು ಕೆಟ್ಟಿತೆಂದು ಕಣ್ಣಿಗೆ ಕಾಣುತ್ತದೆ. ಡಬ್ಬಿಗಳನ್ನು ಒಟ್ಟು ಕಟ್ಟಿ ಗ್ರೂಪ್ ಮಾಡಿದರೂ ತೊಂದರೆ, ಮೊಬೈಲಿನಲ್ಲಿ ಒಂದನ್ನು ಮುಟ್ಟಲು ಹೋದರೆ ಇಡೀ ಗುಂಪು ಎದ್ದು ಬರುತ್ತದೆ. ಹಿನ್ನೆಲೆಯ ಬಣ್ಣದ ಪಟ್ಟಿ, ಗೆರೆ, ತಲೆಬರಹ ಇಷ್ಟನ್ನು ಮಾತ್ರ ಬೀಗ ಹಾಕಿ ಬಿಡಬೇಕು. ಬೀಗ ಮರೆತ ಟೆಂಪ್ಲೇಟ್ ಕೊಂಡವರ ಫೋನು ಬರುವುದು ಹೀಗೆ: “ಅಣ್ಣಾರ, ರೇಟ್ ಮುಟ್ಟಾಕ ಹೋದ್ರ ಹಿಂದಿನ ಹಸಿರು ಪಟ್ಟೀನ ಸರದ ಬರತೈತ್ರಿ.” ಕೊಂಡವರ ಪ್ರತಿಯಲ್ಲೂ ಬೀಗ ಹಾಗೇ ಇರುತ್ತದೆ, ಬೇಕೆಂದೇ ತೆಗೆಯುವವರೆಗೆ ಯಾರ ಬೆರಳಿಗೂ ಅದು ಸಿಗುವುದಿಲ್ಲ.

ಅಂಕಿಯದು ಇನ್ನೊಂದು ಮಾತು. ಅಭಿಮಾನಕ್ಕೆ ಕನ್ನಡ ಅಂಕಿ ಹಾಕಿ ಮಾಡಿದ ದರಪಟ್ಟಿಗಳಿದ್ದವು. ತುಂಬುವವರ ಕೀಲಿಮಣೆಯಲ್ಲಿ ಒಂದೇ ಒತ್ತಿಗೆ ಬರುವುದು 1, 2, 3. ವಾರ ಕಳೆಯುವುದರೊಳಗೆ ಒಂದೇ ಪಟ್ಟಿಯಲ್ಲಿ ಎರಡೂ ಬಗೆಯ ಅಂಕಿ ಬೆರೆತು ಓದುವ ರೈತ ಗಲಿಬಿಲಿಗೊಂಡ. ತಾರೀಖಿನ ವಿಷಯ ಇದಕ್ಕಿಂತ ಸೂಕ್ಷ್ಮ. ದಿನದ ಪೋಸ್ಟಿನಲ್ಲಿ ಅತಿ ಹೆಚ್ಚು ಆಗುವ ತಪ್ಪು ದರ ಬದಲಿಸಿ ತಾರೀಖು ಹಾಗೇ ಬಿಡುವುದು. ನಿನ್ನೆಯ ತಾರೀಖಿನ ಇಂದಿನ ದರ ಮುಂದಕ್ಕೆ ಹೋಗಿ ಗುಂಪಿನಲ್ಲಿ ಜಗಳಕ್ಕೆ ಬೀಳುತ್ತದೆ. ತಾರೀಖನ್ನು ಮೂಲೆಯಲ್ಲಿ ಸಣ್ಣಗೆ ಇಟ್ಟ ಟೆಂಪ್ಲೇಟುಗಳಲ್ಲಿ ಇದು ಹೆಚ್ಚು. ಅಂಗಡಿ ಹೆಸರಿನ ಕೆಳಗೇ ಅಗಲದ ಪಟ್ಟಿಯಲ್ಲಿ, ದರದಷ್ಟೇ ದಪ್ಪಗೆ ಇಟ್ಟರೆ ತುಂಬುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬಣ್ಣವನ್ನೂ ಇಲ್ಲಿಯೇ ಹೇಳಿಬಿಡಬೇಕು. ಗುಂಪಿಗೆ ಕಳಿಸುವಾಗ ವಾಟ್ಸ್‌ಆ್ಯಪ್ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಹಿಂಡುವಾಗ ಬೆಳಕು-ನೆರಳಿನ ವಿವರ ಉಳಿಯುತ್ತದೆ, ಬಣ್ಣದ ವಿವರ ಮಸುಕಾಗುತ್ತದೆ. ಹಸಿರಿನ ಮೇಲೆ ಕೆಂಪು ಅಕ್ಷರ ಬರೆದರೆ ಮಾಡಿದವರ ಪರದೆಯಲ್ಲಿ ಝಗಮಗಿಸುತ್ತದೆ, ಎರಡು ಸಲ ಫಾರ್ವರ್ಡ್ ಆದ ಮೇಲೆ ಅಂಚು ಕಲಸಿ 3 ಯಾವುದು 8 ಯಾವುದು ತಿಳಿಯುವುದಿಲ್ಲ. ತೆಳು ಹಳದಿಯ ಮೇಲೆ ಕಪ್ಪು ಬರೆದದ್ದು ಹತ್ತು ಗುಂಪು ಸುತ್ತಿ ಬಂದರೂ ಓದಲು ಬರುತ್ತದೆ. 2023ರಲ್ಲಿ ಎಚ್‌ಡಿ ಕಳಿಸುವ ಗುಂಡಿ ಬಂದಿದೆ, ಆದರೆ ಸಂಜೆಯ ಅವಸರದಲ್ಲಿ ಅದನ್ನು ಒತ್ತುವವರು ಯಾರು?

ಅಳತೆಗಳ ಕಥೆಗೆ ಬರೋಣ. ಮೊದಲಿಗೆ ಎಲ್ಲವೂ 1080ಕ್ಕೆ 1080ರ ಚೌಕ. ಇನ್‌ಸ್ಟಾಗ್ರಾಂ 2015ರಲ್ಲಿಯೇ ಉದ್ದನೆಯ ಚಿತ್ರಕ್ಕೆ ಅವಕಾಶ ಕೊಟ್ಟಿದ್ದರೂ ನಮ್ಮ ಕಡೆ ಚೌಕವೇ ನಡೆಯಿತು. ಸ್ಟೇಟಸ್ ಬಂದ ಮೇಲೆ 1080ಕ್ಕೆ 1920 ಬೇಕಾಯಿತು. ಅದರಲ್ಲಿ ಮೇಲೆ ಹಾಕಿದವರ ಹೆಸರು ಕೂಡುತ್ತದೆ, ಕೆಳಗೆ ಉತ್ತರ ಬರೆಯುವ ಜಾಗ ಬರುತ್ತದೆ, ಹೀಗಾಗಿ ಎರಡೂ ತುದಿಗೆ 250 ಪಿಕ್ಸೆಲಿನಷ್ಟು ಖಾಲಿ ಬಿಡದಿದ್ದರೆ ಅಂಗಡಿಯ ಫೋನ್ ನಂಬರೇ ಮುಚ್ಚಿಹೋಗುತ್ತದೆ. ಚೌಕದ ಡಿಸೈನನ್ನು ಎಳೆದು ಉದ್ದ ಮಾಡಿ ‘ಸ್ಟೇಟಸ್ ಸೈಜ್’ ಎಂದು ಮಾರಿದವರಿಗೆ ಈ ದೂರು ತಪ್ಪಲಿಲ್ಲ.

ಆಮೇಲೆ 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ಪ್ರೊಫೈಲಿನ ಚೌಕದ ಸಾಲುಗಳನ್ನು ತೆಗೆದು ಮೂರಕ್ಕೆ ನಾಲ್ಕರ ಉದ್ದ ಪೆಟ್ಟಿಗೆ ಮಾಡಿತು. ಹಳೆಯ ಚೌಕದ ಪೋಸ್ಟ್ ಆ ಪೆಟ್ಟಿಗೆಯಲ್ಲಿ ಕೂಡಬೇಕಾದರೆ ಎತ್ತರ 1080 ಇದ್ದಲ್ಲಿ ಅಗಲ 810 ಮಾತ್ರ ಕಾಣುತ್ತದೆ. ಎಡಕ್ಕೆ 135, ಬಲಕ್ಕೆ 135 ಕತ್ತರಿ. ಬೆಟಗೇರಿಯ ಸೀರೆ ಅಂಗಡಿಗಳ ಪ್ರೊಫೈಲು ತೆರೆದು ನೋಡಿದರೆ ಹಳೆಯ ಪೋಸ್ಟುಗಳಲ್ಲಿ ಅಂಗಡಿಯ ಹೆಸರಿನ ಮೊದಲ ಅಕ್ಷರವೂ ಕಡೆಯ ಅಕ್ಷರವೂ ಮಾಯ, ಬೆಲೆಯ ಕಡೆಯ ಸೊನ್ನೆ ಮಾಯ. 1350ರ ಉದ್ದದ್ದಕ್ಕೆ ಏಟು ಕಡಿಮೆ; 1350ರ ಮುಕ್ಕಾಲು 1012 ಚಿಲ್ಲರೆ, ಅಂದರೆ ಬದಿಗೆ 34ರಷ್ಟು ಮಾತ್ರ ಹೋಗುತ್ತದೆ. ಬದಿಗೆ 60 ಬಿಟ್ಟು ಮಾಡಿದ ದರಪಟ್ಟಿಗೆ ಏನೂ ಆಗಲಿಲ್ಲ. ನೂರು ಪೋಸ್ಟಿನ ಚೌಕದ ಕಟ್ಟು ಮಾಡಿಟ್ಟವರು ಮಾತ್ರ ಒಂದೇ ದಿನದಲ್ಲಿ ಹಳಬರಾದರು.

ಒಂದು ಅಳತೆಯಿಂದ ಇನ್ನೊಂದಕ್ಕೆ ತಾನಾಗಿ ಬದಲಿಸುವ ಗುಂಡಿ ಕ್ಯಾನ್ವಾದಲ್ಲಿ ಇರುವುದು ಹಣ ಕಟ್ಟಿದವರಿಗೆ. ಕೊಳ್ಳುವ ಸ್ಟುಡಿಯೊ ಹುಡುಗನದು ಹೆಚ್ಚಾಗಿ ಪುಕ್ಕಟೆ ಖಾತೆ. ಆದ್ದರಿಂದ ಗುಂಪಿಗೆ ಒಂದು, ಸ್ಟೇಟಸಿಗೆ ಒಂದು ಎಂದು ಬೇರೆ ಬೇರೆ ಮಾಡಿಯೇ ಕೊಡಬೇಕು. ಇಷ್ಟಾದರೂ ಕಡೆಗೆ ಒಬ್ಬರು ಆ ಚಿತ್ರವನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಫ್ಲೆಕ್ಸ್ ಅಂಗಡಿಗೆ ಹೋಗುತ್ತಾರೆ. 1080 ಪಿಕ್ಸೆಲನ್ನು ಮೂರು ಅಡಿಗೆ ಹಿಗ್ಗಿಸಿದರೆ ಇಂಚಿಗೆ 30 ಚುಕ್ಕೆ, ಅಕ್ಷರದ ಅಂಚೆಲ್ಲ ಮೆಟ್ಟಿಲು. ಫ್ಲೆಕ್ಸಿಗೆ ಪಿಡಿಎಫ್ ಇಳಿಸಿಕೊಂಡು ಹೋಗಿ, ಅದರಲ್ಲಿ ಅಕ್ಷರ ಎಷ್ಟು ಹಿಗ್ಗಿದರೂ ಒಡೆಯುವುದಿಲ್ಲ ಎಂದು ಒಂದು ಸಾಲು ಬರೆದು ಕೊಡುವ ಮಾರಾಟಗಾರರು ಬೆರಳೆಣಿಕೆಯಷ್ಟು.

ತಿದ್ದಬಹುದಾದ ಫೈಲು ಎಂದಾಗ ನಮ್ಮ ಕಡೆ ಅದಕ್ಕೆ ಮೂರು ರೂಪ. ಹಳಬರದು ಕೋರಲ್‌ಡ್ರಾ ಫೈಲು. ಹೊಸ ಆವೃತ್ತಿಯಲ್ಲಿ ಉಳಿಸಿದ್ದು ಶಿರಹಟ್ಟಿಯ ಅಂಗಡಿಯ ಹಳೆ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ತೆರೆಯಲೆಂದು ಹಳೆ ಆವೃತ್ತಿಗೆ ಇಳಿಸಿ ಕೊಟ್ಟರೆ ಫಾಂಟ್ ಅಲ್ಲಿರುವುದಿಲ್ಲ. ಫಾಂಟಿನ ರಗಳೆಯೇ ಬೇಡವೆಂದು ಅಕ್ಷರಗಳನ್ನು ಕರ್ವ್ ಮಾಡಿ ಕೊಟ್ಟರೆ ಅದು ತಿದ್ದುವ ಫೈಲಾಗಿ ಉಳಿಯುವುದೇ ಇಲ್ಲ. ಎರಡನೆಯದು ಪಿಕ್ಸೆಲ್‌ಲ್ಯಾಬಿನ ಪಿಎಲ್‌ಪಿ. ಆಂಡ್ರಾಯ್ಡ್ ಫೋನೊಂದಿದ್ದರೆ ಸಾಕು, ಜಾತ್ರೆಯ ಬ್ಯಾನರಿನಿಂದ ಹುಟ್ಟುಹಬ್ಬದವರೆಗೆ ಹಳ್ಳಿಯ ಹುಡುಗರು ಇದರಲ್ಲಿಯೇ ಪಳಗಿದ್ದು. ಆದರೆ ಪಿಎಲ್‌ಪಿ ಟೆಲಿಗ್ರಾಂ ಗುಂಪುಗಳಲ್ಲಿ ಪುಕ್ಕಟೆಯಾಗಿ ರಾಶಿ ಬಿದ್ದಿದೆ, ಅಲ್ಲಿ ಬೆಲೆ ಹೇಳುವವರನ್ನು ಕೇಳುವವರಿಲ್ಲ. ಮೂರನೆಯದು ಕ್ಯಾನ್ವಾದ ಟೆಂಪ್ಲೇಟ್ ಕೊಂಡಿ. ಮಾರಾಟ ಅಂತ ನಡೆದದ್ದು ಬಹುಪಾಲು ಇದರಲ್ಲಿ.

ಈ ಕೊಂಡಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಹೊಸಬರು ಮೊದಲ ವ್ಯಾಪಾರದಲ್ಲಿಯೇ ಮುಗ್ಗರಿಸುವುದು ಇಲ್ಲಿ. ಹಂಚಿಕೆಯ ಪಟ್ಟಿಯಲ್ಲಿ ತಿದ್ದುವ ಅಧಿಕಾರದ ಕೊಂಡಿಯೂ ಇದೆ, ಟೆಂಪ್ಲೇಟ್ ಕೊಂಡಿಯೂ ಇದೆ. ಮೊದಲನೆಯದನ್ನು ಕೊಟ್ಟರೆ ಕೊಂಡವರು ತಿದ್ದುವುದು ಮಾರುವವರ ಮೂಲ ಫೈಲನ್ನೇ. ಲಕ್ಷ್ಮೇಶ್ವರದ ಗಿರಾಕಿ ತನ್ನ ಅಂಗಡಿಯ ಹೆಸರು ಹಾಕುತ್ತಾನೆ. ಸಂಜೆ ಅದೇ ಕೊಂಡಿ ಕೊಂಡ ಮುಂಡರಗಿಯವನಿಗೆ ಲಕ್ಷ್ಮೇಶ್ವರದ ಹೆಸರೇ ಕಾಣುತ್ತದೆ, ಅವನು ಅದನ್ನು ಅಳಿಸಿ ತನ್ನದು ಹಾಕುತ್ತಾನೆ. ಎರಡನೆಯದರಲ್ಲಿ ಹೀಗಾಗದು. ತೆರೆದ ಕೂಡಲೇ Use template ಎಂಬ ಗುಂಡಿ ಬರುತ್ತದೆ, ಒತ್ತಿದರೆ ಕೊಂಡವರ ಖಾತೆಯಲ್ಲಿ ಹೊಸ ಪ್ರತಿ ಹುಟ್ಟುತ್ತದೆ. ಗುರುತಿಸುವುದು ಸುಲಭ: ಕೊಂಡಿಯ ನಡುವೆ /edit ಇದ್ದರೆ ಕಳಿಸಬೇಡಿ, ಕಡೆಯಲ್ಲಿ mode=preview ಇದ್ದರೆ ಸರಿಯಾದದ್ದು. ಬೇರೆ ಖಾತೆಯಿಂದ ಒಮ್ಮೆ ತೆರೆದು ನೋಡಿಯೇ ಕಳಿಸಬೇಕು. ಮೂಲ ಫೈಲನ್ನು ಕಸದ ಬುಟ್ಟಿಗೆ ಹಾಕಿದರೆ ಕೊಂಡಿ ಸಾಯುತ್ತದೆ ಎಂಬುದನ್ನೂ ನೆನಪಿಡಬೇಕು. ಅಷ್ಟರಲ್ಲಿ ಪ್ರತಿ ಮಾಡಿಕೊಂಡವರಿಗೆ ತೊಂದರೆಯಿಲ್ಲ, ಹಣ ಕೊಟ್ಟು ‘ನಾಳೆ ನೋಡೋಣ’ ಎಂದವರಿಗೆ ಬರೀ ದೋಷದ ಪುಟ.

ಕೊಂಡಿಗೆ ಕಾವಲಿಲ್ಲ ಎಂಬುದೇ ಇದರ ದೊಡ್ಡ ಮಿತಿ. ಒಬ್ಬರು ಕೊಂಡು ಸ್ಟುಡಿಯೊದವರ ಗುಂಪಿಗೆ ಹಾಕಿದರೆ ತಾಲ್ಲೂಕಿಗೆಲ್ಲ ಅದು ಪುಕ್ಕಟೆ. ಇದಕ್ಕೆ ತಾಂತ್ರಿಕ ಮದ್ದು ಯಾರ ಹತ್ತಿರವೂ ಇಲ್ಲ. ನಡೆದ ಉಪಾಯ ಒಂದೇ: ಕೊಂಡವರಿಗೆ ಅಂಗಡಿಯ ಹೆಸರು, ಲೋಗೊ, ನಂಬರು ಮಾರುವವರೇ ಒಮ್ಮೆ ಹಾಕಿ ಕೊಡುವುದು. ಹಾಗೆ ಹೆಸರು ಕೂತ ಪ್ರತಿಯನ್ನು ಹಂಚಲು ಕೊಂಡವರಿಗೂ ಮನಸ್ಸಾಗುವುದಿಲ್ಲ, ಪಡೆದವರಿಗೂ ಅಷ್ಟು ಉಪಯೋಗವಿಲ್ಲ.

ಕನ್ನಡ ಅಕ್ಷರದ ಪಾಡು ಬೇರೆಯೇ. ಡಿಟಿಪಿಯವರ ಬಳಿ ವರ್ಷಗಟ್ಟಲೆ ಕೂಡಿಟ್ಟ ಒಕ್ಕಣೆ ಇದೆ, ಎಲ್ಲವೂ ಹಳೆಯ ನುಡಿ ಅಥವಾ ಶ್ರೀಲಿಪಿಯಲ್ಲಿ. ಅದನ್ನು ಕ್ಯಾನ್ವಾಕ್ಕೆ ಅಂಟಿಸಿದರೆ ಬರುವುದು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಮೊದಲು ಯೂನಿಕೋಡಿಗೆ ಬದಲಿಸಲೇಬೇಕು. ಬದಲಿಸಿದ ಮೇಲೂ ಅರ್ಕಾವತ್ತು, ಒತ್ತಕ್ಷರ ಒಮ್ಮೆ ಓದಿ ನೋಡಬೇಕು. ಸಾಲುಗಳ ನಡುವಿನ ಜಾಗವನ್ನು ಇಂಗ್ಲಿಷ್ ಟೆಂಪ್ಲೇಟಿನಷ್ಟೇ ಬಿಗಿ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಲಕ್ಷ್ಮೇಶ್ವರ’ ಎಂದು ಬರೆದು ಅದರ ಕೆಳಗೆ ‘ಶಿರಹಟ್ಟಿ’ ಎಂದು ಬರೆದು ನೋಡಿ, ಎಷ್ಟು ಜಾಗ ಬೇಕೆಂದು ಗೊತ್ತಾಗುತ್ತದೆ. ಅಕ್ಷರಗಳನ್ನು ಕಮಾನಿನಂತೆ ಬಾಗಿಸುವ ಎಫೆಕ್ಟಿನಲ್ಲಿ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಚೆದುರುವುದುಂಟು. ತಮ್ಮ ಸ್ವಂತ ಫಾಂಟ್ ಏರಿಸಿ ಚೆಂದ ಮಾಡಿದವರ ಟೆಂಪ್ಲೇಟ್ ಪುಕ್ಕಟೆ ಖಾತೆಯವರ ಕೈಗೆ ಬಂದಾಗ ಬೇರೆ ಫಾಂಟಿಗೆ ಬಿದ್ದು ಅಳತೆಯೆಲ್ಲ ಕೆಡುತ್ತದೆ. ಕ್ಯಾನ್ವಾದಲ್ಲಿಯೇ ಇರುವ ನೋಟೊ ಸಾನ್ಸ್ ಕನ್ನಡದಂಥದನ್ನು ಬಳಸಿದವರು ನೆಮ್ಮದಿಯಾಗಿದ್ದಾರೆ. ಅದು ಸಪ್ಪೆ ಎಂಬ ಆಕ್ಷೇಪ ಸರಿಯೇ. ಆದರೆ ರಾತ್ರಿ ಹತ್ತಕ್ಕೆ “ಅಕ್ಷರ ಯಾಕ ಹಿಂಗಾದ್ವ್ರಿ ಅಣ್ಣಾರ?” ಎಂಬ ಫೋನು ಬರುವುದಿಲ್ಲ. ಮಹಾನಗರದ ಡಿಸೈನರುಗಳ ಪೈಪೋಟಿಯ ನಡುವೆ ನಮ್ಮ ಹುಡುಗರು ಬದುಕಿ ಉಳಿದದ್ದು ಈ ಒತ್ತಕ್ಷರದ ಕಾಳಜಿಯಿಂದಲೇ ಎಂಬುದು ನಮ್ಮ ಅಂದಾಜು.

ಇನ್ನು ಯಾವ ಕ್ಷೇತ್ರ ಹಿಡಿಯಬೇಕೆಂಬ ಪ್ರಶ್ನೆ. ಶುರುವಿನಲ್ಲಿ ಎಲ್ಲರೂ ಹಿಡಿದದ್ದು ಹಬ್ಬ. ಯುಗಾದಿ, ಬಸವ ಜಯಂತಿ, ರಾಜ್ಯೋತ್ಸವ, ತೋಂಟದಾರ್ಯ ಮಠದ ಜಾತ್ರೆ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆ, ಹೀಗೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕಟ್ಟು ಕಟ್ಟಿದರು. ಹಬ್ಬದ ಪೋಸ್ಟಿನ ಆಯುಷ್ಯ ಒಂದು ದಿನ. ಅದರ ಮೇಲೆ, ಹೆಸರು ಮತ್ತು ಫೋಟೊ ಕೊಟ್ಟರೆ ತಾನೇ ಶುಭಾಶಯ ಸಿದ್ಧ ಮಾಡಿಕೊಡುವ ಆ್ಯಪುಗಳು ಬಂದು ಆ ಪೇಟೆಯನ್ನು ಗುಡಿಸಿಹಾಕಿದವು. ರಾಜಕೀಯದವರ ‘ಶುಭಾಶಯ ಕೋರುವವರು’ ಪೋಸ್ಟಿಗೆ ಬೇಡಿಕೆ ಈಗಲೂ ಇದೆ, ಆದರೆ ಅದು ಟೆಂಪ್ಲೇಟಿಗೆ ಒಗ್ಗದ ಕೆಲಸ. ಯಾರ ಫೋಟೊ ಎಷ್ಟು ದೊಡ್ಡದಿರಬೇಕು, ಯಾರ ಪಕ್ಕದಲ್ಲಿ ಯಾರಿರಬೇಕು ಎಂಬುದು ಪ್ರತಿ ಸಲವೂ ಬದಲಾಗುತ್ತದೆ, ಕಡೆಯ ಗಳಿಗೆಯಲ್ಲೂ ಬದಲಾಗುತ್ತದೆ. ಅದನ್ನು ಕೂತು ಮಾಡಿಕೊಟ್ಟು ಕೂಲಿ ತಗೊಳ್ಳುವುದೇ ಲೇಸು.

ಉಳಿದದ್ದು ರೂಪ ಬದಲಾಗದೆ ವಿವರ ಮಾತ್ರ ಬದಲಾಗುವ ಪೋಸ್ಟುಗಳು. ದರಪಟ್ಟಿ ಅದರಲ್ಲಿ ಮೊದಲನೆಯದು. ಚಿನಿವಾರರ ಚಿನ್ನ-ಬೆಳ್ಳಿ ದರ, ಕೋಚಿಂಗ್ ಸೆಂಟರಿನ ಹೊಸ ಬ್ಯಾಚಿನ ಪ್ರಕಟಣೆ, ಬೆಟಗೇರಿಯ ಸೀರೆಗೆ ‘ಹೊಸ ಮಾಲು’ ಪೋಸ್ಟು ಇದೇ ಜಾತಿಯವು. ಶ್ರದ್ಧಾಂಜಲಿಯೂ ಸೇರುತ್ತದೆ. ಸಾವಿನ ಮನೆಯವರು ಸ್ಟುಡಿಯೊಗೆ ಬಂದಾಗ ಕೈಯಲ್ಲಿ ಒಂದು ಹಳೆಯ ಫೋಟೊ, ಅರ್ಧ ಗಂಟೆಯ ಸಮಯ; ಫೋಟೊ ಎಳೆದು ಬಿಟ್ಟರೆ ತಾನೇ ಕೂಡುವ ಚೌಕಟ್ಟು, ಹೆಸರು, ಜನನ-ಮರಣದ ದಿನ, ಅಂತ್ಯಕ್ರಿಯೆಯ ಸ್ಥಳ ಮತ್ತು ವೇಳೆ, ದುಃಖತಪ್ತರ ಹೆಸರು ಇಷ್ಟು ಇದ್ದರೆ ಕೆಲಸ ಮುಗಿಯಿತು. ಈ ಒಂದು ಪೋಸ್ಟನ್ನು ಎರಡು ಬಗೆಯಲ್ಲಿ ಮಾಡಿಟ್ಟುಕೊಳ್ಳಬೇಕು, ಲಿಂಗಾಯತ ಮನೆಗೆ ‘ಲಿಂಗೈಕ್ಯ’ ಎಂದೂ ಉಳಿದವರಿಗೆ ‘ನಿಧನ’ ಎಂದೂ. ಇಂಗ್ಲಿಷಿನಿಂದ ಎತ್ತಿದ ಕಟ್ಟಿನಲ್ಲಿ ಇದು ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ಮಾಡಿ ಎಟ್ಸಿಯಂಥ ಪರದೇಶದ ಪೇಟೆಯಲ್ಲಿ ಇಟ್ಟು ನೋಡಿದವರೂ ಇದ್ದಾರೆ. ಅಲ್ಲಿ ಒಂದು ಸರಕು ಇಡಲು 20 ಸೆಂಟು, ಮಾರಿದ ಮೇಲೆ ನೂರಕ್ಕೆ ಆರೂವರೆ, ಹಣ ತಲುಪಿಸುವ ಖರ್ಚು ಬೇರೆ. ಖರ್ಚಿಗಿಂತ ದೊಡ್ಡ ಅಡ್ಡಿ, ಯೋಗ ಕಲಿಸುವವರಿಗೆ ಇನ್‌ಸ್ಟಾಗ್ರಾಂ ಕಟ್ಟು ಮಾಡುವವರು ಅಲ್ಲಿ ಲೆಕ್ಕವಿಲ್ಲದಷ್ಟು ಇದ್ದಾರೆ. ಗದಗಿನಲ್ಲಿ ಕೂತು ಅವರಿಗಿಂತ ಹೆಚ್ಚು ತಿಳಿದದ್ದು ಏನೂ ಇಲ್ಲ. ದಲಾಲಿ ಅಂಗಡಿಯ ದರಪಟ್ಟಿಯ ವಿಷಯದಲ್ಲಿ ಹಾಗೆ ಹೇಳಲಾಗದು.

ಹಕ್ಕಿನ ಮಾತನ್ನು ನಮ್ಮವರು ಬಹಳ ಹಗುರಾಗಿ ತಗೊಂಡರು. ಕ್ಯಾನ್ವಾದಲ್ಲಿ ಮೊದಲೇ ಇರುವ ಟೆಂಪ್ಲೇಟಿನ ಬಣ್ಣ ಬದಲಿಸಿ ತಮ್ಮದೆಂದು ಮಾರುವಂತಿಲ್ಲ. ಹಣ ಕಟ್ಟಿದವರಿಗೆ ಸಿಗುವ ಚಿತ್ರ, ಹೂಬಳ್ಳಿ ಬಳಸಿ ಮಾಡಿದ್ದನ್ನು ಕ್ಯಾನ್ವಾ ಕೊಂಡಿಯಾಗಿ ಮಾರಬಹುದೇ ಹೊರತು ಬೇರೆ ಸಲಕರಣೆಯ ಫೈಲಾಗಿ ಮಾಡಿ ಮಾರುವಂತಿಲ್ಲ. ಕಾನೂನಿಗಿಂತ ಮೊದಲು ವ್ಯಾಪಾರದ ಏಟು ಬೀಳುತ್ತದೆ: ಅಂಥ ಹೂಬಳ್ಳಿ ಇದ್ದ ಟೆಂಪ್ಲೇಟನ್ನು ಪುಕ್ಕಟೆ ಖಾತೆಯವರು ಇಳಿಸಿಕೊಳ್ಳಲು ಹೋದರೆ ಅದರ ಮೇಲೆ ನೀರುಗುರುತು ಬರುತ್ತದೆ, ತೆಗೆಯಲು ಹಣ ಕೇಳುತ್ತದೆ. ಮಾರುವವರಿಗೆ ಒಮ್ಮೆ, ಕಂಪನಿಗೆ ಒಮ್ಮೆ ಕೊಡಬೇಕೇ ಎಂದು ಅವರು ಕೇಳುವುದರಲ್ಲಿ ತಪ್ಪಿಲ್ಲ. ಸ್ವಾಮೀಜಿಗಳ, ನಾಯಕರ ಫೋಟೊಗಳನ್ನು ಎಲ್ಲಿಂದಲೋ ಎತ್ತಿ ಕಟ್ಟಿನೊಳಗೆ ಸೇರಿಸಿ ಮಾರುವ ಚಟವೂ ನಿಲ್ಲಬೇಕು. ಚೌಕಟ್ಟು ಖಾಲಿ ಇರಲಿ, ಫೋಟೊ ಕೊಂಡವರು ಹಾಕಿಕೊಳ್ಳಲಿ.

ಈಗ ಈ ನಾಲ್ಕು ಊರುಗಳಲ್ಲಿ ಕೈಯಲ್ಲಿ ಹಳೆಯ ಚೌಕದ ಕಟ್ಟು ಇಟ್ಟುಕೊಂಡು ಕೂತವರ ಮುಂದಿರುವ ಕೆಲಸ ಯಾವುದನ್ನು ಮತ್ತೆ ಮಾಡುವುದು, ಯಾವುದನ್ನು ಬಿಡುವುದು ಎಂಬುದು. ಹಬ್ಬದವನ್ನು ಮುಟ್ಟುವ ಅಗತ್ಯವಿಲ್ಲ, ಹೋದದ್ದು ಹೋಯಿತು. ಶ್ರದ್ಧಾಂಜಲಿ, ದರ, ಹೊಸ ಮಾಲು, ಬ್ಯಾಚು ಈ ನಾಲ್ಕನ್ನು 1350ಕ್ಕೆ ಏರಿಸಿ, ಬದಿಗೆ 60 ಬಿಟ್ಟು, ಹೂಬಳ್ಳಿ ಕಿತ್ತು, ನೋಟೊಗೆ ಇಳಿಸಿ, ಬೀಗ ಹಾಕಿ, 88,888 ತುಂಬಿ ನೋಡಿ ಹೊಸ ಕೊಂಡಿ ಮಾಡಬೇಕು. ಹಳೆಯದನ್ನು ಕೊಂಡವರಿಗೆ ಹೊಸ ಕೊಂಡಿಯನ್ನು ಹಣ ಕೇಳದೆ ಕಳಿಸುವುದೂ ಇದರಲ್ಲಿ ಸೇರಿದೆ. ಮೆಣಸಿನಕಾಯಿ ಸುಗ್ಗಿ ಶುರುವಾಗುವ ಮೊದಲೇ ಆದರೆ ಒಳ್ಳೆಯದು.